ಇಲ್ಲದ ಹೆಬ್ಬೆರಳು: ಒಂದು ಕೈಮೊಗ್ಗಿನ ಪ್ರಕರಣ

ಹುಟ್ಟಿ ಮೂರು ದಿನದ ಹೆಣ್ಣು ಮಗು. ತೂಕ 2.7 ಕೆಜಿ. ಚೆನ್ನಾಗಿ ಹಾಲು ಕುಡಿಯುತ್ತಿತ್ತು, ಜೋರಾಗಿ ಅಳುತ್ತಿತ್ತು. ಎಡಗೈ ಮಾತ್ರ ಬೇರೆ ಥರ ಇತ್ತು. ಮುಂಗೈ ಗಿಡ್ಡ, ಅಂಗೈ ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಕಡೆಗೆ ಪೂರ್ತಿ ಬಾಗಿತ್ತು. ಆದರೆ ಹೆಬ್ಬೆರಳೇ ಇರಲಿಲ್ಲ. ನಾಲ್ಕು ಬೆರಳು, ಅಷ್ಟೇ.

ನಾನು ಅಂಗರಚನೆ ಕಲಿಸುವವನು, ವಾರ್ಡಿಗೆ ಹೋಗುವುದು ಅಪರೂಪ. ಮಕ್ಕಳ ವೈದ್ಯೆಯಾಗಿರುವ ಗೆಳತಿ ಫೋನ್ ಮಾಡಿ, "ಒಂದ್ಸಲ ಬಂದು ನೋಡಿ, ತಾಯಿಗೆ ಹೇಳೋಕೆ ನನಗೂ ಸ್ವಲ್ಪ ಸಹಾಯ ಬೇಕು" ಅಂದರು. ಈ ಬರಹದಲ್ಲಿ ಮನೆಯವರ ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಉಳಿದದ್ದು ಆದ ಹಾಗೇ ಇದೆ.

ತಾಯಿ ಕೇಳಿದ ಮೊದಲ ಮಾತು ಇದು: "ಸರ್, ಐದನೇ ತಿಂಗಳಲ್ಲಿ ಮೆಟ್ಟಿಲ ಮೇಲೆ ಜಾರಿ ಬಿದ್ದೆ. ಆಮೇಲೆ ಜ್ವರ ಬಂದು ಮಾತ್ರೆ ತಗೊಂಡೆ. ಅದಕ್ಕೇ ಹೀಗಾಯ್ತಾ?"

ಇದಕ್ಕೆ ಉತ್ತರ ಕೊಡಲು ಸಮಾಧಾನದ ಮಾತು ಬೇಕಿಲ್ಲ, ಕ್ಯಾಲೆಂಡರ್ ಸಾಕು. ಕೈಯ ಮೊಗ್ಗು ಕಾಣಿಸಿಕೊಳ್ಳುವುದು ಗರ್ಭ ಕಟ್ಟಿದ ಸುಮಾರು 26ನೇ ದಿನ. ಭ್ರೂಣದ ಪಕ್ಕೆಯಲ್ಲಿ, ಕತ್ತಿನ ಕೆಳಭಾಗದ ಎದುರಿಗೆ, ಪುಟ್ಟ ಉಬ್ಬು. ಕಾಲಿನ ಮೊಗ್ಗು ಒಂದೆರಡು ದಿನ ತಡ. ಐದನೇ ವಾರದ ಕೊನೆಗೆ ಮೊಗ್ಗಿನ ತುದಿ ಚಪ್ಪಟೆಯಾಗಿ ದೋಣಿಯ ಹುಟ್ಟಿನಂತೆ ಆಗುತ್ತದೆ. ಆರನೇ ವಾರದಲ್ಲಿ ಅದರೊಳಗೆ ಬೆರಳುಗಳ ಗೆರೆ ಮೂಡುತ್ತದೆ. ಎಂಟನೇ ವಾರ ಮುಗಿಯುವಷ್ಟರಲ್ಲಿ ಐದು ಬೆರಳೂ ಬಿಡಿಬಿಡಿ. ಆಮೇಲೆ ಕೈ ಬೆಳೆಯುತ್ತದೆ, ಗಟ್ಟಿಯಾಗುತ್ತದೆ. ಎಷ್ಟು ಬೆರಳು, ಯಾವ ಬೆರಳು ಎಂಬ ತೀರ್ಮಾನ ಆಗಲೇ ಮುಗಿದಿರುತ್ತದೆ. ಐದನೇ ತಿಂಗಳಲ್ಲಿ ಬಿದ್ದರೆ ಇದ್ದ ಹೆಬ್ಬೆರಳು ಮಾಯವಾಗುವುದಿಲ್ಲ.

ಇಲ್ಲಿ ಒಂದು ಎಡವಟ್ಟು ಆಗಾಗ ಆಗುತ್ತದೆ. ಆಸ್ಪತ್ರೆಯಲ್ಲಿ ವಾರ ಎಣಿಸುವುದು ಕೊನೆಯ ಮುಟ್ಟಿನಿಂದ. ನಾವು ಪಾಠದಲ್ಲಿ ಎಣಿಸುವುದು ಗರ್ಭ ಕಟ್ಟಿದ ದಿನದಿಂದ. ನಡುವೆ ಎರಡು ವಾರದ ಅಂತರ. ಅಂದರೆ ಕೈಮೊಗ್ಗು ಮೂಡುವ 26ನೇ ದಿನ ಆಸ್ಪತ್ರೆ ಲೆಕ್ಕದಲ್ಲಿ 5 ವಾರ 5 ದಿನ. ಮುಟ್ಟು ತಪ್ಪಿ ಹನ್ನೆರಡು ದಿನವಾಗಿರುತ್ತದೆ. ಎಷ್ಟೋ ಹೆಂಗಸರಿಗೆ ಬಸುರಿ ಅಂತ ಆಗ ಗೊತ್ತೇ ಇರುವುದಿಲ್ಲ. ಮಾತ್ರೆಯ ಇತಿಹಾಸ ಕೇಳುವವರು "ಎಷ್ಟನೇ ವಾರ" ಎಂದು ಕೇಳಿ ಬಿಟ್ಟರೆ ಸಾಲದು, ಯಾವ ಲೆಕ್ಕದ ವಾರ ಎಂದೂ ಬರೆದುಕೊಳ್ಳಬೇಕು. ಬಸುರಿಯರು ವಾಕರಿಕೆಗೆ ನುಂಗುತ್ತಿದ್ದ ಥಾಲಿಡೊಮೈಡ್ ಮಾತ್ರೆಯ ಕಥೆಯಲ್ಲಿ ಇದೇ ಲೆಕ್ಕ ಸತ್ಯ ಹೊರತಂದಿತು. 1957ರಿಂದ 1961ರವರೆಗೆ ಮಾರಾಟವಾದ ಆ ಮಾತ್ರೆ ಗರ್ಭ ಕಟ್ಟಿದ 20ರಿಂದ 36ನೇ ದಿನದ ನಡುವೆ ನುಂಗಿದ್ದರೆ ಮಾತ್ರ ಅಂಗಗಳಿಗೆ ಏಟು ಕೊಡುತ್ತಿತ್ತು. ಅದಾದ ಮೇಲೆ ನುಂಗಿದವರ ಮಕ್ಕಳ ಕೈಕಾಲು ಸರಿಯಾಗಿಯೇ ಇರುತ್ತಿದ್ದವು.

ನಮ್ಮ ತಾಯಿ ಆ ಅವಧಿಯಲ್ಲಿ ಯಾವ ಮಾತ್ರೆಯನ್ನೂ ತೆಗೆದುಕೊಂಡಿರಲಿಲ್ಲ. ಸಕ್ಕರೆ ಕಾಯಿಲೆಯೂ ಇರಲಿಲ್ಲ. ಇದನ್ನು ಕೇಳಲೇಬೇಕಿತ್ತು, ಯಾಕೆಂದರೆ ಗರ್ಭ ಕಟ್ಟುವ ಹೊತ್ತಿಗೆ ಹತೋಟಿಯಲ್ಲಿರದ ಸಕ್ಕರೆಯೂ ಇಂಥ ತೊಂದರೆ ಮಾಡಬಲ್ಲದು.

ಅಷ್ಟರಲ್ಲಿ ಪಕ್ಕದಲ್ಲಿದ್ದ ಕಿರಿಯ ವೈದ್ಯ ಮೆಲ್ಲಗೆ ಕೇಳಿದ: "ಸರ್, ಕೈ ಈ ಥರ ತಿರುಗಿದೆಯಲ್ಲ, ಇದು ರೊಟೇಶನ್ ಸರಿಯಾಗಿ ಆಗದೆ ಇರೋದಾ?" ಒಳ್ಳೆಯ ಪ್ರಶ್ನೆ. ಉತ್ತರ 'ಅಲ್ಲ'. ಯಾಕೆ ಅಲ್ಲ ಅಂತ ಗೊತ್ತಾದರೆ ಅರ್ಧ ರೋಗನಿರ್ಣಯ ಮುಗಿದ ಹಾಗೆ.

ಓದುತ್ತಿರುವಲ್ಲಿಯೇ ಒಂದು ಕೆಲಸ ಮಾಡಿ. ಎರಡೂ ಕೈ ಮುಂದಕ್ಕೆ ಚಾಚಿ. ಅಂಗೈಗಳು ಒಂದಕ್ಕೊಂದು ಎದುರು, ಹೆಬ್ಬೆರಳು ಮೇಲೆ. ಮೊಣಕೈಯ ಮೊನೆ ಹೊರಪಕ್ಕಕ್ಕೆ ಇದೆ ಅಂದುಕೊಳ್ಳಿ. ಆರನೇ ವಾರದ ಭ್ರೂಣದ ಕೈ ಹೆಚ್ಚುಕಡಿಮೆ ಹೀಗಿರುತ್ತದೆ. ಕಾಲೂ ಇದೇ ಭಂಗಿಯಲ್ಲಿ: ಹೆಬ್ಬೆರಳು ಮೇಲೆ, ಅಂಗಾಲು ಒಂದಕ್ಕೊಂದು ಎದುರು, ಮೊಣಕಾಲು ಹೊರಪಕ್ಕಕ್ಕೆ. ಈಗ ಕೈಯನ್ನು ಹೊರಕ್ಕೆ 90 ಡಿಗ್ರಿ ಹೊರಳಿಸಿ. ಅಂಗೈ ಮೇಲೆ ಬಂತು, ಮೊಣಕೈ ಕೆಳಗೆ ಹೋಯಿತು, ಹೆಬ್ಬೆರಳು ಹೊರಪಕ್ಕಕ್ಕೆ ಬಂತು. ಕಾಲು ಮಾತ್ರ ಉಲ್ಟಾ, ಒಳಕ್ಕೆ ಹೊರಳುತ್ತದೆ. ಹಾಗಾಗಿ ಮೊಣಕಾಲು ಮುಂದೆ ಬರುತ್ತದೆ, ಕಾಲಿನ ಹೆಬ್ಬೆರಳು ಒಳಪಕ್ಕಕ್ಕೆ ಬರುತ್ತದೆ. ಮೊಣಕೈ ಹಿಂದಕ್ಕೂ ಮೊಣಕಾಲು ಮುಂದಕ್ಕೂ ನೋಡುವುದು ಇದರಿಂದಲೇ. ಕಾಲಿನ ಚರ್ಮದ ನರಗಳ ಪಟ್ಟಿಗಳು ಹಿಂಡಿದ ಬಟ್ಟೆಯ ಮಡಿಕೆಗಳ ಹಾಗೆ ಓರೆಯಾಗಿ ಸುತ್ತಿಕೊಂಡಿರುವುದಕ್ಕೂ ಈ ಹೊರಳಾಟವೇ ಕಾರಣ.

ಇದರಿಂದ ಸಿಗುವ ಮುಖ್ಯ ತಿಳಿವಳಿಕೆ ಒಂದು. ಕೈಯ ಹೆಬ್ಬೆರಳು ಮತ್ತು ಕಾಲಿನ ಹೆಬ್ಬೆರಳು ಈಗ ಎದುರುಬದುರು ಪಕ್ಕದಲ್ಲಿದ್ದರೂ ಹುಟ್ಟಿದ್ದು ಮೊಗ್ಗಿನ ಒಂದೇ ಅಂಚಿನಲ್ಲಿ, ತಲೆಯ ಕಡೆಯ ಅಂಚಿನಲ್ಲಿ. ಮುಂಗೈಯಲ್ಲಿ ಹೆಬ್ಬೆರಳಿನ ಕಡೆಯ ರೇಡಿಯಸ್ ಮೂಳೆಗೆ ಕಾಲಿನ ಟಿಬಿಯಾ ಜೊತೆಗಾರ. ಕಿರುಬೆರಳಿನ ಕಡೆಯ ಅಲ್ನಾಗೆ ಫಿಬ್ಯುಲಾ. ಕಿರುಬೆರಳುಗಳು ಬಾಲದ ಕಡೆಯ ಅಂಚಿನವು.

ಮಗುವಿನ ಕೈಯನ್ನು ಮತ್ತೆ ನೋಡಿದೆವು. ಮೊಣಕೈಯ ಒಳಮಡಿಕೆ ಮುಂದಿತ್ತು, ಮೊನೆ ಹಿಂದಿತ್ತು. ಅಂದರೆ ಹೊರಳುವ ಕೆಲಸ ಸರಿಯಾಗಿಯೇ ನಡೆದಿತ್ತು. ಮಣಿಕಟ್ಟು ಬಾಗಿದ್ದು ಬೇರೆ ಕಾರಣಕ್ಕೆ. ಎಕ್ಸ್‌ರೇಯಲ್ಲಿ ಅದು ಕಂಡಿತು: ರೇಡಿಯಸ್ ಮೂಳೆಯೇ ಇಲ್ಲ. ಅಲ್ನಾ ಒಂದೇ ಇದೆ, ಅದೂ ಗಿಡ್ಡ, ದಪ್ಪ, ಬಿಲ್ಲಿನ ಹಾಗೆ ಬಾಗಿದೆ. ಎರಡು ಕಂಬದ ಮೇಲೆ ಕೂರಬೇಕಾದ ಅಂಗೈಗೆ ಒಂದು ಕಂಬ ಇಲ್ಲ, ಅದು ಆ ಕಡೆ ವಾಲಿದೆ. ಮಣಿಕಟ್ಟಿನ ಸಣ್ಣ ಮೂಳೆಗಳ ಬಗ್ಗೆ ಫಿಲ್ಮ್ ಏನೂ ಹೇಳಲಿಲ್ಲ. ಹುಟ್ಟಿದಾಗ ಅವಿನ್ನೂ ಮೆದುಮೂಳೆಯಾಗಿರುತ್ತವೆ, ಎಕ್ಸ್‌ರೇಗೆ ಕಾಣಿಸುವುದಿಲ್ಲ. "ಕಾಣಲಿಲ್ಲ" ಎನ್ನುವುದನ್ನು "ಇಲ್ಲ" ಎಂದು ರಿಪೋರ್ಟಿನಲ್ಲಿ ಬರೆದುಬಿಡುವವರಿದ್ದಾರೆ, ಹುಷಾರಾಗಿರಬೇಕು.

ಹಾಗಾದರೆ ಬರೀ ತಲೆಯ ಕಡೆಯ ಅಂಚೇ ಯಾಕೆ ಸೋತಿತು?

ಮೊಗ್ಗಿನ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ನೋಡೋಣ. ಮೊಗ್ಗಿನ ತುದಿಯಲ್ಲಿ ಹೊರಚರ್ಮ ದಪ್ಪಗಾಗಿ ಒಂದು ಏಣು ಏಳುತ್ತದೆ. ಅದು ಕೆಳಗಿನ ಜೀವಕೋಶಗಳಿಗೆ "ಬೆಳೀತಾ ಇರಿ" ಎಂದು ಸಂಕೇತ ಕಳಿಸುತ್ತಲೇ ಇರುತ್ತದೆ. ಜಾನ್ ಸಾಂಡರ್ಸ್ 1948ರಲ್ಲಿ ಕೋಳಿಯ ಭ್ರೂಣದಲ್ಲಿ ಈ ಏಣನ್ನು ಕಿತ್ತು ನೋಡಿದರು. ಬೇಗ ಕಿತ್ತರೆ ರೆಕ್ಕೆ ಭುಜದ ಹತ್ತಿರವೇ ನಿಂತಿತು. ತಡವಾಗಿ ಕಿತ್ತರೆ ತುದಿ ಮಾತ್ರ ತಪ್ಪಿತು. ಬಾಲದ ಕಡೆಯ ಅಂಚಿನಲ್ಲಿ ಇನ್ನೊಂದು ಪುಟ್ಟ ತಾಣವಿದೆ. 1968ರಲ್ಲಿ ಸಾಂಡರ್ಸ್ ಮತ್ತು ಗ್ಯಾಸೆಲಿಂಗ್ ಅದರ ಚೂರನ್ನು ಇನ್ನೊಂದು ಮೊಗ್ಗಿನ ತಲೆಯ ಕಡೆಯ ಅಂಚಿಗೆ ನೆಟ್ಟರು. ರೆಕ್ಕೆಯ ಬೆರಳುಗಳು ಕನ್ನಡಿಯಲ್ಲಿ ಕಂಡ ಹಾಗೆ ಜೋಡಿಜೋಡಿಯಾಗಿ ಬೆಳೆದವು. ಆ ತಾಣ ಸುರಿಸುವ ವಸ್ತು ಸಾನಿಕ್ ಹೆಡ್ಜ್‌ಹಾಗ್ ಎಂಬ ಪ್ರೋಟೀನ್ ಎಂದು 1993ರಲ್ಲಿ ಗೊತ್ತಾಯಿತು. ಅದು ಜಾಸ್ತಿ ಸಿಕ್ಕ ಕಡೆ ಕಿರುಬೆರಳು ಆಗುತ್ತದೆ. ಅದರ ಹಂಗಿಲ್ಲದೆ ಆಗುವುದು ಹೆಬ್ಬೆರಳು.

ಈ ವ್ಯವಸ್ಥೆಯಿಂದ ಬೇರೆ ತಪ್ಪುಗಳೂ ಅರ್ಥವಾಗುತ್ತವೆ. ಅದೇ ಹೆಡ್ಜ್‌ಹಾಗ್ ತಪ್ಪಿ ತಲೆಯ ಕಡೆಯ ಅಂಚಿನಲ್ಲೂ ಶುರುವಾದರೆ ಹೆಬ್ಬೆರಳಿನ ಪಕ್ಕ ಇನ್ನೊಂದು ಬೆರಳು ಬರುತ್ತದೆ. ಸಾಂಡರ್ಸ್ ಕೈಯಾರೆ ಮಾಡಿದ್ದನ್ನು ಜೀನ್ ತಾನೇ ಮಾಡಿದ ಹಾಗೆ. ಕೆಲವು ಕುಟುಂಬಗಳಲ್ಲಿ ತಪ್ಪು ಹೆಡ್ಜ್‌ಹಾಗ್ ಜೀನಿನಲ್ಲಿ ಇರುವುದೇ ಇಲ್ಲ, ಅದರಿಂದ ಸುಮಾರು ಹತ್ತು ಲಕ್ಷ ಡಿಎನ್‌ಎ ಅಕ್ಷರ ದೂರದಲ್ಲಿರುವ ಅದರ ಸ್ವಿಚ್ಚಿನಲ್ಲಿ ಇರುತ್ತದೆ. ಬೆರಳುಗಳ ನಡುವಿನ ಜೀವಕೋಶ ಸಾಯಬೇಕಾದಾಗ ಸಾಯದಿದ್ದರೆ ಬೆರಳು ಅಂಟಿಕೊಂಡೇ ಉಳಿಯುತ್ತದೆ, ಕೈಯಲ್ಲಿ ಹೆಚ್ಚಾಗಿ ಮಧ್ಯದ ಬೆರಳು ಮತ್ತು ಉಂಗುರ ಬೆರಳು. ಹಾಗೆಯೇ ಆಮ್ನಿಯಾನ್ ಪೊರೆಯ ಎಳೆ ಸುತ್ತಿಕೊಂಡು ಆಗುವ ಗಾಯವನ್ನು ಬೇರೆ ಮಾಡಿ ನೋಡಬೇಕು. ಎಳೆಗೆ ತಲೆಯ ಕಡೆ ಯಾವುದು, ಬಾಲದ ಕಡೆ ಯಾವುದು ಅಂತ ಗೊತ್ತಿಲ್ಲ. ಅದು ಸಿಕ್ಕಲ್ಲಿ ಅಡ್ಡಡ್ಡ ಬಿಗಿಯುತ್ತದೆ. ಉಂಗುರದಂಥ ಗೆರೆ, ಮೊಟಕಾದ ತುದಿ ಉಳಿಯುತ್ತದೆ. ನಮ್ಮ ಮಗುವಿನಲ್ಲಿ ಇದ್ದ ನಾಲ್ಕು ಬೆರಳಿನ ತುದಿಯಲ್ಲೂ ಉಗುರು ನೆಟ್ಟಗಿತ್ತು. ಹೋಗಿದ್ದು ಅಡ್ಡಕ್ಕಲ್ಲ, ಉದ್ದಕ್ಕೆ: ಒಂದು ಅಂಚು ಪೂರ್ತಿ. ಇದು ಕತ್ತರಿಸಿದ್ದಲ್ಲ, ಕಟ್ಟುವಾಗಲೇ ಬಿಟ್ಟುಹೋದದ್ದು.

ಇಲ್ಲಿಯವರೆಗೆ ಎಲ್ಲರೂ ಎಡಗೈಯನ್ನೇ ನೋಡುತ್ತಿದ್ದೆವು. ಗೆಳತಿ ಬಲಗೈ ಬಿಡಿಸಿದರು. ನವಜಾತ ಮಕ್ಕಳು ಮುಷ್ಟಿ ಬಿಗಿ ಹಿಡಿದಿರುತ್ತವೆ, ಬಿಡಿಸದೆ ಏನೂ ಗೊತ್ತಾಗುವುದಿಲ್ಲ. ಬಲ ಹೆಬ್ಬೆರಳು ಇತ್ತು, ಆದರೆ ಸಣಕಲು. ಅದರ ಬುಡದಲ್ಲಿ ಇರಬೇಕಾದ ಮಾಂಸದ ದಿಬ್ಬ ಇಲ್ಲದೆ ಅಂಗೈ ಚಪ್ಪಟೆಯಾಗಿತ್ತು. ಹಾಗಾದರೆ ತೊಂದರೆ ಎರಡೂ ಕಡೆ ಇದೆ, ಎಡಕ್ಕೆ ಜಾಸ್ತಿ. ಆಮೇಲೆ ಕಾಲು. ಎರಡೂ ಕಾಲಿನ ಹೆಬ್ಬೆರಳು, ಟಿಬಿಯಾ, ಪಾದ ಎಲ್ಲ ಸರಿಯಾಗಿದ್ದವು.

ನನಗೆ ಅದೇ ದೊಡ್ಡ ಸುಳಿವು ಅನ್ನಿಸಿತು. ಕೈಗೂ ಕಾಲಿಗೂ ಏಣು ಒಂದೇ, ಹೆಡ್ಜ್‌ಹಾಗ್ ಒಂದೇ, ಹೊರಳುವ ದಿಕ್ಕು ಮಾತ್ರ ಬೇರೆ. ಏಣಿನಲ್ಲಿಯೋ ಹೆಡ್ಜ್‌ಹಾಗಿನಲ್ಲಿಯೋ ತೊಂದರೆ ಇದ್ದರೆ ಕಾಲಿಗೂ ತಾಗುವ ಸಾಧ್ಯತೆ ಜಾಸ್ತಿ. ಕೈಗೆ ಮಾತ್ರ ಸೇರಿದ್ದು ಏನಿದೆ? ಟಿಬಿಎಕ್ಸ್5 ಎಂಬ ಜೀನ್. ಕೈಮೊಗ್ಗು ಏಳುವ ಜಾಗದಲ್ಲಿ ಅದು ಮೊದಲು ಹೊತ್ತಿಕೊಂಡು, ಎಫ್‌ಜಿಎಫ್10 ಎಂಬ ಸಂಕೇತವನ್ನು ಎಬ್ಬಿಸುತ್ತದೆ. ಆ ಸಂಕೇತದಿಂದಲೇ ಏಣು ಏಳುತ್ತದೆ. ಕಾಲಿನಲ್ಲಿ ಟಿಬಿಎಕ್ಸ್5 ಕೆಲಸ ಮಾಡುವುದಿಲ್ಲ, ಅದರ ಅಣ್ಣತಮ್ಮ ಟಿಬಿಎಕ್ಸ್4 ಇರುತ್ತದೆ. ಇಲಿಯ ಕೈಮೊಗ್ಗಿನ ಜಾಗದಲ್ಲಿ ಮೊದಲೇ ಟಿಬಿಎಕ್ಸ್5 ತೆಗೆದರೆ ಮುಂಗಾಲು ಮೂಡುವುದೇ ಇಲ್ಲ, ಹಿಂಗಾಲು ಆರಾಮಾಗಿ ಬೆಳೆಯುತ್ತದೆ.

ಮನುಷ್ಯರಲ್ಲಿ ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಮೊಗ್ಗು ಏಳುತ್ತದೆ, ಆದರೆ ತೆಳ್ಳಗೆ. ನಾನು ತರಗತಿಯಲ್ಲಿ ಹೀಗೆ ಹೇಳುತ್ತೇನೆ: ಬಾಲದ ಕಡೆಯ ಅಂಚಿಗೆ ಹೆಡ್ಜ್‌ಹಾಗ್ ಮತ್ತು ಏಣು ಒಂದನ್ನೊಂದು ಎತ್ತಿ ಹಿಡಿಯುವ ಆಸರೆ ಇದೆ. ತಲೆಯ ಕಡೆಯ ಅಂಚಿಗೆ ಆ ಆಸರೆ ಇಲ್ಲ. ಸಾಮಗ್ರಿ ಕಡಿಮೆ ಬಿದ್ದಾಗ ಮೊದಲು ಬರಿದಾಗುವುದು ಅದೇ ಅಂಚು. ಅದಕ್ಕೇ ಹೆಬ್ಬೆರಳು, ಆಮೇಲೆ ರೇಡಿಯಸ್.

ಟಿಬಿಎಕ್ಸ್5 ಇನ್ನೊಂದು ಕಡೆಯೂ ಕೆಲಸ ಮಾಡುತ್ತದೆ. ಹೃದಯದಲ್ಲಿ. ಗೋಡೆಗಳು ಕೂಡುವಾಗಲೂ, ಬಡಿತದ ತಂತಿಗಳು ಹಾಸುವಾಗಲೂ.

ಗೆಳತಿ ಸ್ಟೆತೊಸ್ಕೋಪ್ ಇಟ್ಟಾಗ ಎದೆಯಲ್ಲಿ ಮೆಲುವಾದ ಮರ್ಮರ ಕೇಳಿಸಿತ್ತಂತೆ. ನವಜಾತ ಮಕ್ಕಳಲ್ಲಿ ಎಷ್ಟೋ ಸಲ ಇರುತ್ತದೆ ಅಂತ ಪಕ್ಕಕ್ಕಿಟ್ಟಿದ್ದರು. ಎಕೋ ಮಾಡಿಸಿದಾಗ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ 9 ಮಿಲಿಮೀಟರ್ ತೂತು ಕಂಡಿತು.

ಇಷ್ಟಾದರೂ ಒಂದೇ ಹೆಸರಿಗೆ ಜೋತುಬೀಳಬಾರದು. ರೇಡಿಯಸ್ ಇಲ್ಲದ ಮಗುವಿನಲ್ಲಿ ಹುಡುಕಲೇಬೇಕಾದ ಬೇರೆ ಕಾಯಿಲೆಗಳಿವೆ. ಒಂದರಲ್ಲಿ ಪ್ಲೇಟ್‌ಲೆಟ್ ತೀರಾ ಕಡಿಮೆ ಇರುತ್ತದೆ, ಮೊದಲ ವರ್ಷಗಳಲ್ಲಿ ರಕ್ತಸ್ರಾವದ ಭಯ. ಅದರ ಗುರುತು ವಿಚಿತ್ರ: ರೇಡಿಯಸ್ ಇಲ್ಲದಿದ್ದರೂ ಹೆಬ್ಬೆರಳು ಇರುತ್ತದೆ. ನಮ್ಮ ಮಗುವಿಗೆ ಎಡಗೈಯಲ್ಲಿ ಹೆಬ್ಬೆರಳಿಲ್ಲ, ಪ್ಲೇಟ್‌ಲೆಟ್ 2,40,000 ಇತ್ತು. ಹಾಗಾಗಿ ಅದಲ್ಲ. ಎರಡನೆಯದು ಫ್ಯಾಂಕೋನಿ ಅನೀಮಿಯಾ. ಇಲ್ಲಿ ಮೋಸಹೋಗುವುದು ಸುಲಭ, ಏಕೆಂದರೆ ಹುಟ್ಟಿದಾಗ ರಕ್ತದ ಎಣಿಕೆ ಸರಿಯಾಗಿಯೇ ಇರುತ್ತದೆ, ಮೂಳೆಮಜ್ಜೆ ಸೋಲುವುದು ವರ್ಷಗಳ ಮೇಲೆ. ಎಣಿಕೆ ಸರಿ ಇದೆ ಎಂದು ಸುಮ್ಮನಿರುವಂತಿಲ್ಲ, ಕ್ರೋಮೋಸೋಮ್ ಒಡೆಯುವ ಪರೀಕ್ಷೆಯನ್ನೇ ಮಾಡಿಸಬೇಕು. ಮಾಡಿಸಿದೆವು, ಸಹಜ ಬಂತು. ಮೂರನೆಯದು ಬೆನ್ನುಮೂಳೆ, ಗುದದ್ವಾರ, ಅನ್ನನಾಳ, ಮೂತ್ರಪಿಂಡ ಎಲ್ಲ ಒಟ್ಟಿಗೆ ಕೆಡುವ ಗುಂಪು. ಮಗು ಹಾಲು ಕುಡಿದು ಮಲ ಮಾಡಿತ್ತು. ಬೆನ್ನಿನ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನ್ ಎರಡೂ ಸರಿಯಾಗಿದ್ದವು.

ಕೊನೆಗೆ ಉತ್ತರ ಸಿಕ್ಕಿದ್ದು ಯಾವ ಯಂತ್ರದಿಂದಲೂ ಅಲ್ಲ. ತಾಯಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತಿದ್ದರು. ಪೆನ್ನನ್ನು ತೋರುಬೆರಳು ಮತ್ತು ಮಧ್ಯದ ಬೆರಳಿನ ನಡುವೆ ಸಿಕ್ಕಿಸಿಕೊಂಡಿದ್ದರು. ಹೆಬ್ಬೆರಳು ಉಳಿದ ಬೆರಳುಗಳ ಸಾಲಿನಲ್ಲೇ, ಅದೇ ಮಟ್ಟದಲ್ಲಿ, ಉದ್ದಕ್ಕೆ ಮಲಗಿತ್ತು.

"ಅಮ್ಮಾ, ನಿಮ್ಮ ಕೈ ಸ್ವಲ್ಪ ತೋರಿಸ್ತೀರಾ?"

"ಇದಾ? ಇದು ಮೊದಲಿನಿಂದಲೂ ಹೀಗೇ ಸರ್. ಗುಂಡಿ ಹಾಕೋದು ಸ್ವಲ್ಪ ಕಷ್ಟ, ಅಷ್ಟೇ. ಅಭ್ಯಾಸ ಆಗಿದೆ."

ಹೆಬ್ಬೆರಳಲ್ಲಿ ಇರಬೇಕಾದ ಮೂಳೆ ಎರಡು. ಅವರ ಎಕ್ಸ್‌ರೇಯಲ್ಲಿ ಎರಡೂ ಕೈಗೆ ಮೂರು ಮೂರು ಇದ್ದವು, ಬೇರೆ ಬೆರಳುಗಳ ಹಾಗೆ. ಭುಜ ಇಳಿಜಾರಾಗಿತ್ತು. ಇಸಿಜಿಯಲ್ಲಿ ಪಿಆರ್ ಅಂತರ 220 ಮಿಲಿಸೆಕೆಂಡ್. ದೊಡ್ಡವರಲ್ಲಿ ಅದು 200 ದಾಟಬಾರದು. ಅಂದರೆ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಮಿಡಿತ ಇಳಿಯುವುದು ತಡವಾಗುತ್ತಿದೆ. ಅವರಿಗೆ ಯಾವತ್ತೂ ತಲೆಸುತ್ತು ಬಂದಿರಲಿಲ್ಲ, ಯಾರೂ ಇಸಿಜಿ ಮಾಡಿರಲಿಲ್ಲ.

ಇದು ಹೋಲ್ಟ್-ಓರಂ ಸಿಂಡ್ರೋಮ್. 1960ರಲ್ಲಿ ಹೋಲ್ಟ್ ಮತ್ತು ಓರಂ ಎಂಬ ಇಬ್ಬರು ವೈದ್ಯರು ಒಂದು ಕುಟುಂಬದಲ್ಲಿ ಹೃದಯದ ತೂತು ಮತ್ತು ಬೆರಳಿನ ತರಹವೇ ಇರುವ ಹೆಬ್ಬೆರಳನ್ನು ಒಟ್ಟಿಗೆ ಕಂಡು ಬರೆದಿಟ್ಟರು. ಜೀನ್ ಯಾವುದು ಅಂತ 1997ರಲ್ಲಿ ಗೊತ್ತಾಯಿತು. ಸುಮಾರು ಲಕ್ಷ ಮಕ್ಕಳಿಗೆ ಒಂದರಲ್ಲಿ ಬರುತ್ತದೆ. ಎಡಗೈಗೆ ಹೆಚ್ಚು ಏಟು ಬೀಳುವುದು, ಕಾಲು ಸರಿ ಇರುವುದು ಇದರ ಲಕ್ಷಣವೇ. ಜೀನ್ ಪರೀಕ್ಷೆಯಲ್ಲಿ ತಾಯಿಗೂ ಮಗುವಿಗೂ ಟಿಬಿಎಕ್ಸ್5ರ ಒಂದು ಪ್ರತಿಯಲ್ಲಿ ಒಂದೇ ಅಕ್ಷರ ಬದಲಾಗಿ, ಪ್ರೋಟೀನ್ ಅರ್ಧಕ್ಕೇ ನಿಲ್ಲುವ ಅದೇ ತಪ್ಪು ಸಿಕ್ಕಿತು.

ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದ್ರೆ ನನ್ನಿಂದಲೇ ಬಂದಿದ್ದು, ಅಲ್ವಾ?" ಅಂದರು. ಮೆಟ್ಟಿಲ ಭಾರ ಇಳಿಸಿ ಇನ್ನೊಂದು ಭಾರ ಹೊರಿಸಿದ ಹಾಗಾಯಿತು ಅಂತ ನನಗೆ ಅನ್ನಿಸಿತು. ಗೆಳತಿ ನನಗಿಂತ ಚೆನ್ನಾಗಿ ಮಾತಾಡಿದರು. "ನಿಮಗೆ ಬಂದಿದ್ದಕ್ಕೆ ನೀವು ಏನಾದ್ರೂ ಮಾಡಿದ್ರಾ? ಇಲ್ಲ. ಮಗುವಿಗೆ ಬಂದಿದ್ದಕ್ಕೂ ಏನೂ ಮಾಡಿಲ್ಲ. ಇದರಿಂದ ಒಂದು ಉಪಕಾರ ಆಯ್ತು, ನಿಮ್ಮ ಹೃದಯವನ್ನೂ ಇನ್ನು ವರ್ಷಾವರ್ಷ ನೋಡ್ತೀವಿ."

ಮುಂದಿನ ಮಗುವಿಗೆ ಬರುವ ಸಂಭವ ಪ್ರತಿ ಸಲ ಅರ್ಧಕ್ಕರ್ಧ. ಆದರೆ ಎಷ್ಟು ಜೋರಾಗಿ ಬರುತ್ತದೆ ಎಂದು ಜೀನ್ ರಿಪೋರ್ಟ್ ಹೇಳುವುದಿಲ್ಲ. ಅಮ್ಮನಿಗೆ ಗುಂಡಿ ಹಾಕುವ ಕಷ್ಟ, ಮಗಳಿಗೆ ಮೂಳೆಯೇ ಇಲ್ಲ, ತಪ್ಪು ಮಾತ್ರ ಅಕ್ಷರಶಃ ಒಂದೇ. ಇಪ್ಪತ್ತನೇ ವಾರದ ಸ್ಕ್ಯಾನಿನಲ್ಲಿ ಇದು ಯಾಕೆ ಸಿಗಲಿಲ್ಲ ಅಂತ ಅಪ್ಪ ಕೇಳಿದರು. ರಿಪೋರ್ಟ್ ನೋಡಿದೆ. ತೊಡೆ ಮೂಳೆ ಮತ್ತು ತೋಳಿನ ಮೂಳೆಯ ಅಳತೆ ಇತ್ತು. ಮುಂಗೈಯ ಎರಡು ಮೂಳೆ ಎಣಿಸಿದ ದಾಖಲೆ ಇರಲಿಲ್ಲ. ಮುಂದಿನ ಬಸುರಿನಲ್ಲಿ ಮುಂಗೈ ಮೂಳೆ, ಹೆಬ್ಬೆರಳು ಎರಡನ್ನೂ ಹುಡುಕಿ ನೋಡಿ ಎಂದು ಬರೆದುಕೊಡಬೇಕು. ಭ್ರೂಣದ ಹೃದಯದ ಎಕೋ ಕೂಡ.

ಚಿಕಿತ್ಸೆ ಮನೆಯಲ್ಲೇ ಶುರುವಾಯಿತು. ಪ್ರತಿ ಸಲ ಬಟ್ಟೆ ಬದಲಿಸುವಾಗ ಮಣಿಕಟ್ಟನ್ನು ಮೆಲ್ಲಗೆ ನೇರಕ್ಕೆ ಎಳೆದು ಹಿಡಿಯುವುದು, ಆಮೇಲೆ ಪುಟ್ಟ ಸ್ಪ್ಲಿಂಟ್. ಹೃದಯದ ತೂತಿಗೆ ಸದ್ಯಕ್ಕೆ ಕಾಯುವುದು ಅಂತಾಯಿತು.

ಶಸ್ತ್ರಚಿಕಿತ್ಸಕರು ಮೊದಲು ನೋಡಿದ್ದು ಮಣಿಕಟ್ಟನ್ನಲ್ಲ, ಮೊಣಕೈಯನ್ನು. ಮೊಣಕೈ ಬಾಗದ ಮಗುವಿಗೆ ಮಣಿಕಟ್ಟನ್ನು ನೆಟ್ಟಗೆ ಮಾಡಿಬಿಟ್ಟರೆ ಕೈ ಬಾಯಿಗೇ ತಲುಪುವುದಿಲ್ಲ. ಆ ವಕ್ರವೇ ಅದಕ್ಕೆ ತುತ್ತಿನ ದಾರಿ. ನಮ್ಮ ಮಗುವಿನ ಮೊಣಕೈ ಆರು ತಿಂಗಳ ಹೊತ್ತಿಗೆ 90 ಡಿಗ್ರಿ ಬಾಗುತ್ತಿತ್ತು. ಒಂದು ವರ್ಷ ದಾಟಿದ ಮೇಲೆ ಅಂಗೈಯನ್ನು ಅಲ್ನಾದ ಮೇಲೆ ಕೂರಿಸಬಹುದು ಎಂದರು. ಅದಕ್ಕೆ ಮುಂಚೆ ನನ್ನನ್ನು ಕೇಳಿದ್ದು ನರದ ಬಗ್ಗೆ. ಇಂಥ ಕೈಯಲ್ಲಿ ರೇಡಿಯಲ್ ನರ ಮೊಣಕೈ ಹತ್ತಿರವೇ ನಿಲ್ಲುತ್ತದೆ, ಅದರ ಕೆಲಸವನ್ನೂ ಮೀಡಿಯನ್ ನರ ವಹಿಸಿಕೊಂಡು, ಬಾಗಿದ ಒಳಬದಿಯಲ್ಲಿ ಚರ್ಮದ ಕೆಳಗೇ ಬಿಗಿದ ದಾರದಂತೆ ಓಡುತ್ತದೆ. ಬೆರಳಲ್ಲಿ ಒತ್ತಿದರೆ ಸ್ನಾಯುರಜ್ಜು ಅನ್ನಿಸುತ್ತದೆ. ಹಾಗೆಂದುಕೊಂಡು ಕತ್ತರಿಸಿದರೆ ಮುಗಿಯಿತು.

ಹೆಬ್ಬೆರಳಿನ ಜಾಗಕ್ಕೆ ತೋರುಬೆರಳನ್ನು ಗಿಡ್ಡ ಮಾಡಿ, ಹೊರಳಿಸಿ ಕೂರಿಸುವ ಶಸ್ತ್ರಚಿಕಿತ್ಸೆಯೂ ಇದೆ. ಅದಕ್ಕೆ ತೋರುಬೆರಳು ಚೆನ್ನಾಗಿ ಮಡಚಬೇಕು. ಹನ್ನೊಂದನೇ ತಿಂಗಳಲ್ಲಿ ಮಗುವನ್ನು ಮತ್ತೆ ನೋಡಿದಾಗ ಮೇಜಿನ ಮೇಲೆ ಒಂದು ಮರದ ಮಣಿ ಇಟ್ಟೆವು. ಎಡಗೈ ಮುಂದೆ ಬಂತು. ತೋರುಬೆರಳು ಬಿರುಸಾಗಿ ನೆಟ್ಟಗೇ ಇತ್ತು. ಮಗು ಮಣಿಯನ್ನು ಎತ್ತಿದ್ದು ಕಿರುಬೆರಳು ಮತ್ತು ಉಂಗುರ ಬೆರಳಿನ ನಡುವೆ ಹಿಡಿದು. ಶಸ್ತ್ರಚಿಕಿತ್ಸಕರು ಮಣಿಯನ್ನು ಮೂರು ಸಲ ಬೇರೆ ಬೇರೆ ಕಡೆ ಇಟ್ಟು ನೋಡಿದರು. ಮೂರು ಸಲವೂ ಅದೇ ಎರಡು ಬೆರಳು. ಬೆರಳು ಹೊರಳಿಸುವ ಮಾತನ್ನು ಅವರು ಅವತ್ತು ಫೈಲಿನಲ್ಲಿ ಬರೆಯಲಿಲ್ಲ. ಮಣಿಕಟ್ಟಿನ ದಿನಾಂಕ ಮಾತ್ರ ಬರೆದರು.